ಕಟ್ಟಿದನು, ಕಟ್ಟಲ್ಪಟ್ಟಿತು: ಕರ್ತರಿಯಿಂದ ಕರ್ಮಣಿಗೆ ಹೋಗಿ ಬರುವ ದಾರಿ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ತಲೆಯೊಳಗೆ ಮೂರ್ನಾಲ್ಕು ಭಾಷೆ ಒಟ್ಟಿಗೆ ಓಡಾಡುತ್ತಿರುತ್ತವೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ. ಶಾಲೆಯಲ್ಲಿ ಪುಸ್ತಕದ ಕನ್ನಡ. ಕನ್ನಡ ಪಾಠ ಮಾಡುವ ನನಗೆ ಇದರಿಂದ ಹೆಚ್ಚು ತೊಂದರೆಯೇನೂ ಆಗಿಲ್ಲ, ಒಂದು ಪಾಠದಲ್ಲಿ ಬಿಟ್ಟರೆ. ಅದು ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ.

ಒಮ್ಮೆ ಏಳನೇ ತರಗತಿಯಲ್ಲಿ ಒಂದು ವಾಕ್ಯ ಕೊಟ್ಟು ಬದಲಿಸಲು ಹೇಳಿದೆ.

ಪೊಲೀಸರು ಕಳ್ಳನನ್ನು ಹಿಡಿದರು.

ಅರ್ಧ ತರಗತಿ ಬರೆದದ್ದು ಹೀಗೆ: "ಪೊಲೀಸರಿಂದ ಕಳ್ಳನು ಹಿಡಿಯಲ್ಪಟ್ಟಿತು." ಕೆಲವರು "ಹಿಡಿಯಲ್ಪಟ್ಟರು" ಎಂದಿದ್ದರು. ಹಿಂದಿನ ಬೆಂಚಿನ ಒಬ್ಬ "ಹಿಡಿಯಪ್ಪಟ್ಟಿತು" ಎಂದು ಬರೆದಿದ್ದ. ಈ ಮೂರೂ ತಪ್ಪು. ಆದರೆ ಒಂದೊಂದಕ್ಕೂ ಬೇರೆ ಬೇರೆ ಕಾರಣ ಇದೆ. ಆ ಕಾರಣ ತಿಳಿದರೆ ಪಾಠದ ಮುಕ್ಕಾಲು ಪಾಲು ಮುಗಿದ ಹಾಗೆ. ಅದಕ್ಕೇ ಇದೇ ವಾಕ್ಯ ಇಟ್ಟುಕೊಂಡು ಹೋಗೋಣ.

ಮೊದಲು ಕರ್ಮ ಇದೆಯಾ ನೋಡಿ

ಬದಲಿಸುವ ಮೊದಲು ಕ್ರಿಯಾಪದಕ್ಕೆ ಒಂದು ಪ್ರಶ್ನೆ ಕೇಳಬೇಕು: ಏನನ್ನು? ಯಾರನ್ನು? "ಹಿಡಿದರು" ಎಂದರೆ ಯಾರನ್ನು ಹಿಡಿದರು? ಕಳ್ಳನನ್ನು. ಉತ್ತರ ಸಿಕ್ಕಿತು, ಆದ್ದರಿಂದ ಈ ವಾಕ್ಯ ಬದಲಾಗುತ್ತದೆ. "ಮಗು ಮಲಗಿತು" ಎಂಬ ವಾಕ್ಯಕ್ಕೆ ಇದೇ ಪ್ರಶ್ನೆ ಕೇಳಿ. ಏನನ್ನು ಮಲಗಿತು? ಪ್ರಶ್ನೆಯೇ ನಗು ಬರಿಸುತ್ತದೆ, ಅಲ್ವಾ? ಅಲ್ಲಿ ಕರ್ಮವಿಲ್ಲ. ಕರ್ಮವಿಲ್ಲದ ವಾಕ್ಯಕ್ಕೆ ಕರ್ಮಣಿ ಪ್ರಯೋಗವೂ ಇಲ್ಲ. ಸುಮ್ನೆ ಗುದ್ದಾಡಬೇಡಿ.

ಇಲ್ಲಿ ಒಂದು ಸಣ್ಣ ಮೋಸ ಇದೆ. ನಾವು ಮಾತಾಡುವಾಗ "ಅನ್ನು" ಪ್ರತ್ಯಯವನ್ನು ನುಂಗಿಬಿಡುತ್ತೇವೆ. "ಅಜ್ಜಿ ಹಪ್ಪಳ ಒತ್ತಿದರು" ಎಂದರೆ ಯಾರಿಗೂ ಗೊಂದಲ ಇಲ್ಲ. ಆದರೆ ಇದರಲ್ಲಿ ಅಜ್ಜಿಗೂ ಪ್ರತ್ಯಯ ಇಲ್ಲ, ಹಪ್ಪಳಕ್ಕೂ ಇಲ್ಲ. ಪ್ರತ್ಯಯ ಇಲ್ಲದಿದ್ದರೆ ಯಾವುದನ್ನು ಬದಲಿಸುವುದು? ಅದಕ್ಕೇ ಇಂಥ ವಾಕ್ಯ ಸಿಕ್ಕರೆ ಮೊದಲು ಪೂರ್ತಿ ಬಟ್ಟೆ ತೊಡಿಸಿ: "ಅಜ್ಜಿಯು ಹಪ್ಪಳವನ್ನು ಒತ್ತಿದರು." ಆಮೇಲೆ ಮುಂದಿನ ಹೆಜ್ಜೆ.

ಮೂರು ಬದಲಾವಣೆ

ಪೊಲೀಸರು ಎಂಬುದು ಕರ್ತೃ. ಅದಕ್ಕೆ "ಇಂದ" ಸೇರಿಸಿ: ಪೊಲೀಸರಿಂದ.

ಕಳ್ಳನನ್ನು ಎಂಬುದು ಕರ್ಮ. ಅದರ "ಅನ್ನು" ತೆಗೆದು "ಉ" ಸೇರಿಸಿ: ಕಳ್ಳನು.

ಹಿಡಿದರು ಎಂಬುದು ಕ್ರಿಯಾಪದ. ಅದರ ಮೂಲರೂಪ ಹಿಡಿ. ಅದಕ್ಕೆ "ಅಲ್" ಮತ್ತು "ಪಡು" ಸೇರಿಸಿ: ಹಿಡಿಯಲ್ಪಡು. ಮೂಲ ವಾಕ್ಯ ಭೂತಕಾಲದಲ್ಲಿದೆ, ಆದ್ದರಿಂದ ಹಿಡಿಯಲ್ಪಟ್ಟ... ಇಲ್ಲಿಗೆ ನಿಲ್ಲಿಸಿ. ಕೊನೆಯ ಅಕ್ಷರ ಏನು ಬರಬೇಕು?

ಹೆಚ್ಚಿನವರು ಎಡವುವುದು ಇಲ್ಲೇ. ಕರ್ತರಿ ಪ್ರಯೋಗದಲ್ಲಿ ಕ್ರಿಯಾಪದ ಕರ್ತೃವಿನ ಮಾತು ಕೇಳುತ್ತದೆ. ಪೊಲೀಸರು ಬಹುವಚನ, ಅದಕ್ಕೇ "ಹಿಡಿದರು". ಕರ್ಮಣಿಗೆ ಬಂದ ಕೂಡಲೇ ಅದು ಯಜಮಾನನನ್ನು ಬದಲಿಸುತ್ತದೆ. ಇನ್ನು ಅದು ಕೇಳುವುದು ಕರ್ಮದ ಮಾತು. ಕಳ್ಳನು ಪುಲ್ಲಿಂಗ, ಏಕವಚನ. ಆದ್ದರಿಂದ:

ಪೊಲೀಸರಿಂದ ಕಳ್ಳನು ಹಿಡಿಯಲ್ಪಟ್ಟನು.

"ಹಿಡಿಯಲ್ಪಟ್ಟರು" ಎಂದು ಬರೆದ ಮಕ್ಕಳು ಹಳೆಯ ಯಜಮಾನನನ್ನು ಬಿಟ್ಟಿರಲಿಲ್ಲ. "ಹಿಡಿದರು" ಎಂಬುದರ "ಅರು" ಅವರ ಕೈಯಲ್ಲೇ ಉಳಿದಿತ್ತು.

ಇದು ಮನಸ್ಸಿಗೆ ಇಳಿಯಬೇಕಾದರೆ ಪೊಲೀಸರನ್ನು ಹಾಗೇ ಬಿಟ್ಟು ಕರ್ಮವನ್ನು ಮಾತ್ರ ಬದಲಿಸುತ್ತಾ ಹೋಗಿ. ನಾನು ಕರಿಹಲಗೆಯಲ್ಲಿ ಮಾಡಿಸುವುದು ಇದನ್ನೇ.

ಪೊಲೀಸರಿಂದ ಕಳ್ಳನು ಹಿಡಿಯಲ್ಪಟ್ಟನು.
ಪೊಲೀಸರಿಂದ ಕಳ್ಳಿಯು ಹಿಡಿಯಲ್ಪಟ್ಟಳು.
ಪೊಲೀಸರಿಂದ ಕಳ್ಳರು ಹಿಡಿಯಲ್ಪಟ್ಟರು.
ಪೊಲೀಸರಿಂದ ಲಾರಿಯು ಹಿಡಿಯಲ್ಪಟ್ಟಿತು.
ಪೊಲೀಸರಿಂದ ಲಾರಿಗಳು ಹಿಡಿಯಲ್ಪಟ್ಟವು.
ಪೊಲೀಸರಿಂದ ನಾನು ಹಿಡಿಯಲ್ಪಟ್ಟೆನು.

ಕೊನೆಯ ವಾಕ್ಯ ಬರೆಯುವಾಗ ತರಗತಿಯಲ್ಲಿ ನಗು ಏಳುತ್ತದೆ. ಏಳಲಿ. ನಕ್ಕ ವಾಕ್ಯ ಮರೆಯುವುದಿಲ್ಲ. ಎಡಗಡೆ ಆರು ಸಾಲಿನಲ್ಲೂ "ಪೊಲೀಸರಿಂದ" ಎಂದೇ ಇದೆ, ಬಲಗಡೆಯ ಕೊನೆ ಮಾತ್ರ ಆರು ಬಗೆ. ಕ್ರಿಯಾಪದ ಯಾರ ಹಿಂದೆ ಹೋಗುತ್ತಿದೆ ಎಂದು ಕೇಳಿದರೆ ಮಕ್ಕಳೇ ಹೇಳುತ್ತಾರೆ.

"ಪಟ್ಟಿತು" ಎಲ್ಲಿಂದ ಬಂತು?

ಹಾಗಾದರೆ ಕಳ್ಳನಿಗೆ "ಹಿಡಿಯಲ್ಪಟ್ಟಿತು" ಎಂದವರು? ಅವರಲ್ಲಿ ಹೆಚ್ಚಿನವರು ಮಲಯಾಳ ಚೆನ್ನಾಗಿ ಬಲ್ಲ ಮಕ್ಕಳು. ಮಲಯಾಳದಲ್ಲಿ ಕ್ರಿಯಾಪದಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ. ಅವನು ಬಂದರೂ ಅವಳು ಬಂದರೂ ಅವರು ಬಂದರೂ "ವನ್ನು" ಎಂಬ ಒಂದೇ ರೂಪ ಸಾಕು. ಕರ್ಮಣಿಯಲ್ಲೂ ಹಾಗೆಯೇ. ಒಬ್ಬ ಸತ್ತರೂ ಹತ್ತು ಜನ ಸತ್ತರೂ ಪತ್ರಿಕೆಯಲ್ಲಿ "ಕೊಲ್ಲಪ್ಪೆಟ್ಟು" ಎಂದೇ ಬರುತ್ತದೆ. ಆ ಅಭ್ಯಾಸದಲ್ಲಿ ಮಗು ಕನ್ನಡಕ್ಕೂ ಒಂದೇ ರೂಪ ಆರಿಸಿಕೊಳ್ಳುತ್ತದೆ. ಹೆಚ್ಚು ಸಲ ಕೇಳಿದ್ದು "ಪಟ್ಟಿತು", ಆದ್ದರಿಂದ ಎಲ್ಲದಕ್ಕೂ ಅದೇ.

"ಹಿಡಿಯಪ್ಪಟ್ಟಿತು" ಎಂದ ಹುಡುಗನ ತಪ್ಪೂ ಅಲ್ಲಿಂದಲೇ ಬಂದದ್ದು. ಮಲಯಾಳದ "ಕೊಲ್ಲಪ್ಪೆಟ್ಟು" ಎಂಬಲ್ಲಿ ನಮ್ಮ "ಲ್" ಇಲ್ಲ, ಬರೀ "ಅ" ಇದೆ. ಕನ್ನಡಕ್ಕೆ "ಅಲ್" ಬೇಕೇ ಬೇಕು. ಅವನನ್ನು ಬೈದು ಪ್ರಯೋಜನವಿಲ್ಲ. ಎರಡು ಭಾಷೆಯ ರೂಪಗಳನ್ನು ಅಕ್ಕಪಕ್ಕ ಬರೆದು ತೋರಿಸಿದರೆ ತಾನೇ ತಿದ್ದಿಕೊಳ್ಳುತ್ತಾನೆ.

"ಅಲ್" ಸರಿಯಾಗಿ ಕೂರಿಸುವ ಉಪಾಯ

ಇನ್ನೊಂದು ತಪ್ಪು ಗಡಿಯಾಚೆಯ ಮಕ್ಕಳೂ ಮಾಡುತ್ತಾರೆ. ವಾಕ್ಯದಲ್ಲಿ "ಬರೆದನು" ಎಂದಿದೆ. ಅದನ್ನೇ ಹಿಡಿದುಕೊಂಡು "ಬರೆದಲ್ಪಟ್ಟಿತು" ಎನ್ನುತ್ತಾರೆ. "ಕೊಟ್ಟನು" ಇದ್ದರೆ "ಕೊಟ್ಟಲ್ಪಟ್ಟಿತು", "ತಂದನು" ಇದ್ದರೆ "ತಂದಲ್ಪಟ್ಟಿತು". "ಅಲ್" ಸೇರಬೇಕಾದದ್ದು ಮೂಲ ಧಾತುವಿಗೆ. ಭೂತಕಾಲದ ರೂಪಕ್ಕೆ ಅದು ಸೇರುವುದಿಲ್ಲ.

ಧಾತು ಯಾವುದು ಎಂದು ಹುಡುಕುತ್ತಾ ಕೂರುವ ಬದಲು ಒಂದು ಸುಲಭ ದಾರಿ ಇದೆ. ಕ್ರಿಯಾಪದದ ಮುಂದೆ "ಹೋದನು" ಎಂದು ಸೇರಿಸಿ ಹೇಳಿ ನೋಡಿ. ಬರೆಯಲು ಹೋದನು. ಕೊಡಲು ಹೋದನು. ತರಲು ಹೋದನು. ಕೊಯ್ಯಲು ಹೋದನು. "ಬರೆದಲು ಹೋದನು" ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಈಗ "ಹೋದನು" ಬಿಟ್ಟು, ಕೊನೆಯ "ಉ" ತೆಗೆದು, "ಪಟ್ಟಿತು" ಅಂಟಿಸಿ. ಬರೆಯಲ್ಪಟ್ಟಿತು, ಕೊಡಲ್ಪಟ್ಟಿತು, ತರಲ್ಪಟ್ಟಿತು, ಕೊಯ್ಯಲ್ಪಟ್ಟಿತು.

ಕಾಲ ಬದಲಾದರೆ "ಪಡು" ಮಾತ್ರ ಬದಲಾಗುತ್ತದೆ. "ಕೊಯ್ಯುತ್ತಾರೆ" ಇದ್ದರೆ ಕೊಯ್ಯಲ್ಪಡುತ್ತದೆ. "ಕೊಯ್ಯುವರು" ಇದ್ದರೆ ಕೊಯ್ಯಲ್ಪಡುವುದು. "ಕೊಯ್ಯಲಿಲ್ಲ" ಇದ್ದರೆ ಕೊಯ್ಯಲ್ಪಡಲಿಲ್ಲ. ಈ ಕೊನೆಯದಕ್ಕೆ ಲಿಂಗ ವಚನದ ತಲೆಬಿಸಿ ಇಲ್ಲ. ಕಳ್ಳನೂ ಹಿಡಿಯಲ್ಪಡಲಿಲ್ಲ, ಕಳ್ಳರೂ ಹಿಡಿಯಲ್ಪಡಲಿಲ್ಲ.

ವಾಕ್ಯದಲ್ಲಿರುವ ಉಳಿದ ಪದಗಳನ್ನು ಮುಟ್ಟಬೇಡಿ. "ಟೀಚರು ಮಕ್ಕಳಿಗೆ ಕಥೆಯನ್ನು ಹೇಳಿದರು" ಎಂಬುದು "ಟೀಚರಿಂದ ಮಕ್ಕಳಿಗೆ ಕಥೆಯು ಹೇಳಲ್ಪಟ್ಟಿತು" ಎಂದಾಗುತ್ತದೆ. ಮಕ್ಕಳಿಗೆ ಎಂಬುದು ಹಾಗೇ ಇರುತ್ತದೆ. ಇಂಗ್ಲಿಷ್ ಪಾಠದಲ್ಲಿ ಮಕ್ಕಳನ್ನೂ ಮುಂದೆ ತಂದು ವಾಕ್ಯ ಮಾಡಬಹುದು. ಅದನ್ನು ನೋಡಿ "ಮಕ್ಕಳು ಕಥೆ ಹೇಳಲ್ಪಟ್ಟರು" ಎಂದರೆ ಕನ್ನಡದಲ್ಲಿ ಅರ್ಥವೇ ಇಲ್ಲ.

ವಾಪಸ್ ಬರುವಾಗ

ಕರ್ಮಣಿಯಿಂದ ಕರ್ತರಿಗೆ ಬರುವುದು ಅದೇ ದಾರಿಯಲ್ಲಿ ಹಿಂದಕ್ಕೆ ನಡೆದ ಹಾಗೆ ಎಂದು ಹೇಳುತ್ತಾರೆ. ನನ್ನ ಪ್ರಕಾರ ಇದು ಸ್ವಲ್ಪ ಜಾಸ್ತಿ ಕಷ್ಟ. ಒಂದು ವಾಕ್ಯ ತೆಗೆದುಕೊಳ್ಳಿ.

ಆಳುಗಳಿಂದ ಕತ್ತಿಯಿಂದ ಬಾಳೆಗೊನೆಗಳು ಕಡಿಯಲ್ಪಟ್ಟವು.

ಎರಡು "ಇಂದ" ಇವೆ. ಯಾವುದು ಕರ್ತೃ? "ಕಡಿದದ್ದು ಯಾರು" ಎಂದು ಕೇಳಿ. ಆಳುಗಳು. ಕತ್ತಿ ಬರೀ ಸಾಧನ. ಆದ್ದರಿಂದ ಆಳುಗಳಿಂದ ಮಾತ್ರ "ಇಂದ" ತೆಗೆಯಿರಿ, ಕತ್ತಿಯದ್ದನ್ನು ಬಿಡಿ. ಬಾಳೆಗೊನೆಗಳಿಗೆ "ಅನ್ನು" ಕೊಡಿ. ಕ್ರಿಯಾಪದದಿಂದ "ಅಲ್ಪಡು" ತೆಗೆದು, ಅದೇ ಕಾಲದಲ್ಲಿ, ಈ ಸಲ ಕರ್ತೃವಿಗೆ ಹೊಂದುವ ಹಾಗೆ ಬರೆಯಿರಿ.

ಆಳುಗಳು ಕತ್ತಿಯಿಂದ ಬಾಳೆಗೊನೆಗಳನ್ನು ಕಡಿದರು.

"ಇಂದ" ಇದ್ದಲ್ಲೆಲ್ಲ ಕರ್ತೃ ಇರುವುದಿಲ್ಲ. ಮಂಗಳೂರಿನಿಂದ ತರಲ್ಪಟ್ಟಿತು ಎಂದರೆ ಮಂಗಳೂರು ತಂದದ್ದಲ್ಲ. "ನನ್ನಿಂದ ಬರೆಯಲು ಆಗಲಿಲ್ಲ" ಎಂಬುದಂತೂ ಕರ್ಮಣಿಯೇ ಅಲ್ಲ. ಅಲ್ಲಿ "ನನ್ನಿಂದ" ಎಂದರೆ ನನ್ನ ಕೈಲಿ ಎಂದರ್ಥ.

ಇನ್ನು ಕ್ರಿಯಾಪದ. ಹೋಗುವಾಗ ಭೂತಕಾಲದ ರೂಪ ಬಿಟ್ಟು ಧಾತುವಿಗೆ ಹೋಗಿದ್ದೆವು. ಬರುವಾಗ ಆ ರೂಪವನ್ನು ನೆನಪಿನಿಂದ ತರಬೇಕು. "ತರಲ್ಪಟ್ಟಿತು" ಎಂಬುದನ್ನು ನೋಡಿ "ತರಿದನು" ಎಂದು ಬರೆದವರಿದ್ದಾರೆ. ಅದು ತಂದನು. ಹಾಗೆಯೇ ಕೊಡಲ್ಪಟ್ಟಿತು ಎಂದರೆ ಕೊಟ್ಟನು, ಕೊಲ್ಲಲ್ಪಟ್ಟನು ಎಂದರೆ ಕೊಂದನು, ಕೀಳಲ್ಪಟ್ಟಿತು ಎಂದರೆ ಕಿತ್ತನು. ಮನೆಮಾತಿನಲ್ಲಿ ಈ ರೂಪಗಳು ಬೇರೆಯಾಗಿರುವ ಮಕ್ಕಳಿಗೆ ಇವನ್ನು ಪ್ರತ್ಯೇಕವಾಗಿ ಬರೆಸಿ ಅಭ್ಯಾಸ ಮಾಡಿಸಬೇಕು.

ನಾಮಪದದಲ್ಲೂ ಸ್ವಲ್ಪ ಎಚ್ಚರ ಬೇಕು. "ನನ್ನಿಂದ" ಎಂಬುದು ನಾನು ಆಗುತ್ತದೆ, "ಕರುವಿನಿಂದ" ಎಂಬುದು ಕರುವು ಆಗುತ್ತದೆ. "ಇಂದ" ಕಿತ್ತು ಉಳಿದದ್ದಕ್ಕೆ "ಉ" ಅಂಟಿಸಿದರೆ "ನನ್ನು", "ಕರುವಿನು" ಎಂಬ ವಿಚಿತ್ರ ಪದಗಳು ಹುಟ್ಟುತ್ತವೆ.

ಇನ್ನೊಂದು ಸಂಗತಿ. "ಅಜ್ಜಿಯಿಂದ ಹಪ್ಪಳವು ಒತ್ತಲ್ಪಟ್ಟಿತು" ಎಂಬ ವಾಕ್ಯ ವಾಪಸ್ ಬಂದರೆ ಅಜ್ಜಿ ಒತ್ತಿದಳಾ, ಒತ್ತಿದರಾ? ಕರ್ಮಣಿ ವಾಕ್ಯದಲ್ಲಿ ಆ ಗೌರವ ಕಾಣುವುದೇ ಇಲ್ಲ, ಕಳೆದುಹೋಗಿರುತ್ತದೆ. ಎರಡೂ ಸರಿ. ನಾನು ಎರಡಕ್ಕೂ ಅಂಕ ಕೊಡುತ್ತೇನೆ.

"ಪಟ್ಟ" ಕಂಡಲ್ಲೆಲ್ಲ ಕರ್ಮಣಿ ಅಲ್ಲ

"ಅವಳು ಆ ಸೀರೆಯನ್ನು ಇಷ್ಟಪಟ್ಟಳು." ಇದು ಯಾವ ಪ್ರಯೋಗ? ಪರೀಕ್ಷೆಯಲ್ಲಿ ಕೇಳಿದರೆ ಹತ್ತರಲ್ಲಿ ಐದು ಮಂದಿ ಕರ್ಮಣಿ ಎನ್ನುತ್ತಾರೆ. "ಪಟ್ಟಳು" ಇದೆಯಲ್ಲ! ಆದರೆ "ಅನ್ನು" ಕೂಡ ಇದೆ, ಇಷ್ಟಪಟ್ಟವಳು ಅವಳೇ. ಇದು ಕರ್ತರಿ. ಕಷ್ಟಪಟ್ಟನು, ಭಯಪಟ್ಟನು, ಸಂತೋಷಪಟ್ಟರು ಎಲ್ಲ ಇದೇ ಜಾತಿ. ಗುರುತಿಸುವುದು ಸುಲಭ. "ಪಡು" ಎಂಬುದರ ಹಿಂದೆ "ಅಲ್" ಇದ್ದರೆ ಮಾತ್ರ ಕರ್ಮಣಿ.

ಬೇಕಲ ಕೋಟೆ

ಈಗ ನಮ್ಮೂರಿನ ಒಂದು ವಾಕ್ಯ.

ಶಿವಪ್ಪ ನಾಯಕನು ಬೇಕಲ ಕೋಟೆಯನ್ನು ಕಟ್ಟಿಸಿದನು.

ಕೆಳದಿಯ ಶಿವಪ್ಪ ನಾಯಕ 17ನೆಯ ಶತಮಾನದಲ್ಲಿ ಈ ಕೋಟೆ ಕಟ್ಟಿಸಿದನೆಂದು ಶಾಲಾ ಪ್ರವಾಸಕ್ಕೆ ಹೋದಾಗಲೆಲ್ಲ ಹೇಳುತ್ತೇವೆ. ಬದಲಿಸುವಾಗ ಮಕ್ಕಳು "ಶಿವಪ್ಪ ನಾಯಕನಿಂದ ಬೇಕಲ ಕೋಟೆಯು ಕಟ್ಟಲ್ಪಟ್ಟಿತು" ಎಂದು ಬರೆಯುತ್ತಾರೆ. ವ್ಯಾಕರಣ ಸರಿ, ಅರ್ಥ ಜಾರಿತು. ಕಲ್ಲು ಹೊತ್ತದ್ದು ನಾಯಕ ಅಲ್ಲ, ಅವನು ಹೊರಿಸಿದ್ದು. ಆ "ಇಸು" ಉಳಿಯಬೇಕು: ಕಟ್ಟಿಸಲ್ಪಟ್ಟಿತು. ಮೇಲಿನ ಉಪಾಯ ಇಲ್ಲೂ ನಡೆಯುತ್ತದೆ. "ಕಟ್ಟಿಸಲು ಹೋದನು" ಎಂದರೆ "ಇಸು" ತಾನಾಗಿ ಉಳಿಯುತ್ತದೆ.

"ಶಿವಪ್ಪ ನಾಯಕನು ಕೆಲಸಗಾರರಿಂದ ಕೋಟೆಯನ್ನು ಕಟ್ಟಿಸಿದನು" ಎಂದರೆ? ಇಲ್ಲಿ "ಇಂದ" ಇದೆ, ಆದರೂ ಇದು ಕರ್ತರಿಯೇ. ಕೋಟೆಯ ಮೇಲಿನ "ಅನ್ನು" ನೋಡಿ, ಕ್ರಿಯಾಪದದ "ಅನು" ನೋಡಿ.

ಮಾಡಿದವರೇ ಇಲ್ಲದ ವಾಕ್ಯ

ಇನ್ನೊಂದು ವಾಕ್ಯ ನಮ್ಮ ಕಡೆಯ ಭಾಷಣಗಳಲ್ಲಿ ಆಗಾಗ ಕೇಳುವಂಥದ್ದು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿಸಲ್ಪಟ್ಟಿತು.

ಇದನ್ನು ಕರ್ತರಿಗೆ ತನ್ನಿ ಎಂದರೆ ಮಕ್ಕಳು ಪೆನ್ನು ಕಚ್ಚುತ್ತಾ ಕೂರುತ್ತಾರೆ. "ಇಂದ" ಎಲ್ಲೂ ಇಲ್ಲ. ಕರ್ಮಣಿ ವಾಕ್ಯದಲ್ಲಿ ಕರ್ತೃವನ್ನು ಬಿಡಬಹುದು, ಕರ್ತರಿಯಲ್ಲಿ ಬಿಡುವುದು ಕಷ್ಟ. ಹಾಗಾಗಿ ಅರ್ಥಕ್ಕೆ ಹೊಂದುವ ಕರ್ತೃವನ್ನು ನಾವೇ ತರಬೇಕು: "ಸರಕಾರವು ಕಾಸರಗೋಡನ್ನು ಕೇರಳಕ್ಕೆ ಸೇರಿಸಿತು."

ಒಂದು ವರ್ಷ ಒಬ್ಬಳು "ಕಾಸರಗೋಡು ಕೇರಳಕ್ಕೆ ಸೇರಿತು" ಎಂದು ಬರೆದು ತಂದಳು. "ಇದು ಕರ್ತರಿ ಅಲ್ವಾ ಟೀಚರ್?" ಎಂದು ಕೇಳಿದಳು. ಕರ್ತರಿ ಹೌದು. ಆದರೆ ಅದು ಈ ವಾಕ್ಯದ ಕರ್ತರಿ ಅಲ್ಲ. "ಸೇರಿತು" ಎಂದರೆ ತಾನಾಗಿ ಸೇರಿದ್ದು, "ಸೇರಿಸಲ್ಪಟ್ಟಿತು" ಎಂದರೆ ಬೇರೆ ಯಾರೋ ಸೇರಿಸಿದ್ದು. ನಮ್ಮೂರಿನ ಹಿರಿಯರ ಮುಂದೆ ಈ ಎರಡು ಪದಗಳನ್ನು ಅದಲುಬದಲು ಮಾಡಿ ನೋಡು, ವ್ಯತ್ಯಾಸ ಅವರೇ ಹೇಳುತ್ತಾರೆ ಎಂದೆ.

ಪತ್ರಿಕೆಗಳು ಇದೇ ವಿಷಯವನ್ನು "ಕಾಸರಗೋಡನ್ನು ಕೇರಳಕ್ಕೆ ಸೇರಿಸಲಾಯಿತು" ಎಂದು ಬರೆಯುತ್ತವೆ. ಇವತ್ತಿನ ಬರವಣಿಗೆಯಲ್ಲಿ "ಅಲ್ಪಟ್ಟಿತು" ಎಂಬುದಕ್ಕಿಂತ ಈ "ಅಲಾಯಿತು" ರೂಪವೇ ಜಾಸ್ತಿ, ಓದಲೂ ಹಗುರ. ಆದರೆ ಇದರ ರೀತಿ ಬೇರೆ. ಇಲ್ಲಿ ಕರ್ಮದ "ಅನ್ನು" ಹೋಗುವುದಿಲ್ಲ. ಕ್ರಿಯಾಪದ ಯಾರ ಮಾತನ್ನೂ ಕೇಳುವುದಿಲ್ಲ. ಕಳ್ಳನನ್ನು ಹಿಡಿಯಲಾಯಿತು, ಕಳ್ಳರನ್ನು ಹಿಡಿಯಲಾಯಿತು, ನನ್ನನ್ನು ಹಿಡಿಯಲಾಯಿತು, ಎಲ್ಲಕ್ಕೂ ಒಂದೇ. ಎರಡನ್ನೂ ಬೆರೆಸಿ "ಕಳ್ಳನನ್ನು ಹಿಡಿಯಲ್ಪಟ್ಟನು" ಎಂದು ಬರೆಯುವುದು ನಾನು ಅತಿ ಹೆಚ್ಚು ಕೆಂಪು ಗೆರೆ ಎಳೆದ ತಪ್ಪು. "ಕರ್ಮಣಿಗೆ ಬದಲಿಸಿ" ಎಂದು ಪ್ರಶ್ನೆ ಬಂದರೆ "ಅಲ್ಪಡು" ರೂಪವನ್ನೇ ಬರೆಯಿರಿ. ಪ್ರಬಂಧ ಬರೆಯುವಾಗ "ಅಲಾಯಿತು" ಬಳಸಿ, ಅಥವಾ ಅದಕ್ಕಿಂತ ಒಳ್ಳೆಯದು, ಮಾಡಿದವರ ಹೆಸರು ಹೇಳಿ ಕರ್ತರಿಯಲ್ಲೇ ಬರೆಯಿರಿ.

ಐದು ವಾಕ್ಯ, ಉತ್ತರ ಮುಚ್ಚಿಟ್ಟು ಮಾಡಿ ನೋಡಿ

1. ಅಪ್ಪ ಅಡಿಕೆ ಸುಲಿಯುತ್ತಾರೆ.
2. 1949ರಲ್ಲಿ ಮದ್ರಾಸ್ ಸರಕಾರವು ಮಂಜೇಶ್ವರದ ಗೋವಿಂದ ಪೈಯವರನ್ನು ರಾಷ್ಟ್ರಕವಿಯೆಂದು ಗೌರವಿಸಿತು.
3. ಭಾಗವತರಿಂದ ಪದ್ಯಗಳು ಹಾಡಲ್ಪಟ್ಟವು.
4. ನಿನ್ನಿಂದ ಆ ಚೀಟಿಯು ತರಲ್ಪಡಲಿಲ್ಲ.
5. ಚೆಂಡೆಯ ಸದ್ದಿಗೆ ಮಗು ಎದ್ದಿತು.

ಮೊದಲನೆಯದಕ್ಕೆ ಬಟ್ಟೆ ತೊಡಿಸಿದರೆ "ಅಪ್ಪನು ಅಡಿಕೆಯನ್ನು". ಉತ್ತರ: ಅಪ್ಪನಿಂದ ಅಡಿಕೆಯು ಸುಲಿಯಲ್ಪಡುತ್ತದೆ. ಎರಡನೆಯದರಲ್ಲಿ ಸರಕಾರದ "ಇತು" ಬಿಟ್ಟು ಪೈಯವರ "ಅರು" ಹಿಡಿಯಬೇಕು: ಮದ್ರಾಸ್ ಸರಕಾರದಿಂದ ಗೋವಿಂದ ಪೈಯವರು ರಾಷ್ಟ್ರಕವಿಯೆಂದು ಗೌರವಿಸಲ್ಪಟ್ಟರು. 1949ರಲ್ಲಿ, ಮಂಜೇಶ್ವರದ ಎಂಬ ಪದಗಳು ಇದ್ದಲ್ಲೇ ಇರುತ್ತವೆ. ಮೂರನೆಯದು: ಭಾಗವತರು ಪದ್ಯಗಳನ್ನು ಹಾಡಿದರು. ನಾಲ್ಕನೆಯದು: ನೀನು ಆ ಚೀಟಿಯನ್ನು ತರಲಿಲ್ಲ. ಐದನೆಯದಕ್ಕೆ "ಮಗುವಿನಿಂದ ಏಳಲ್ಪಟ್ಟಿತು" ಎಂದು ಬರೆದಿದ್ದರೆ, "ಏನನ್ನು ಎದ್ದಿತು" ಎಂದು ಒಮ್ಮೆ ಜೋರಾಗಿ ಕೇಳಿಕೊಳ್ಳಿ.